ಇಪ್ಪತ್ತು ಗೇಟು, ಒಂದು ಪಿನ್ನು

ರಸ್ತೆ ಬದಿಯಲ್ಲಿ ಮಣ್ಣು ತೋಡುವ ಎಕ್ಸ್‌ಕವೇಟರನ್ನು ನೋಡದವರಿಲ್ಲ. ಅದರ ತೋಳು ಮಡಚುವ ಕಡೆ, ಬಕೆಟ್ಟು ತಿರುಗುವ ಕಡೆ, ಸಿಲಿಂಡರು ಬಂದು ಸೇರುವ ಕಡೆಯಲ್ಲೆಲ್ಲ ಮುಂಗೈ ದಪ್ಪದ ಉಕ್ಕಿನ ಪಿನ್ನುಗಳಿರುತ್ತವೆ. ಯಂತ್ರದ ಮೇಲೆ ದೊಡ್ಡ ಕಂಪನಿಯ ಹೆಸರಿದ್ದರೂ ಆ ಪಿನ್ನು ಎಷ್ಟೋ ಸಲ ಬೇರೆಲ್ಲೋ ಒಂದು ಸಣ್ಣ ಶೆಡ್ಡಿನಲ್ಲಿ ತಯಾರಾಗಿರುತ್ತದೆ. ಆ ಶೆಡ್ಡಿನವರು ದೊಡ್ಡ ಕಂಪನಿಯ ಗೇಟು ದಾಟಿದ್ದು ಹೇಗೆ ಎಂಬುದು ಹೊರಗಿನವರಿಗೆ ಹೆಚ್ಚಾಗಿ ತಿಳಿಯುವುದಿಲ್ಲ. ಒಳಗಿನವರಲ್ಲೂ ಅನೇಕರು ‘ಪರಿಚಯದವರು ಇದ್ದರು’ ಎಂದಷ್ಟೇ ಹೇಳುತ್ತಾರೆ.

ಪರಿಚಯದವರಿಲ್ಲದ ಗೇಟಿಗೆ ಹೋಗುವುದು ಹೇಗೆ? ಇದಕ್ಕೆ ಮಾರಾಟದ ಲೋಕದಲ್ಲಿ ಅಕೌಂಟ್ ಬೇಸ್ಡ್ ಮಾರ್ಕೆಟಿಂಗ್ ಎಂಬ ಕ್ರಮವಿದೆ. ಎಲ್ಲರಿಗೂ ಕೇಳುವಂತೆ ಕೂಗಿ ಬಂದವರನ್ನು ಹಿಡಿಯುವುದು ಮಾಮೂಲಿ ದಾರಿ. ಇಲ್ಲಿ ಬೇಕಾದ ಗ್ರಾಹಕರ ಹೆಸರನ್ನು ಮೊದಲೇ ಬರೆದುಕೊಂಡು, ಒಬ್ಬೊಬ್ಬರಿಗೂ ಬೇರೆಬೇರೆ ಯೋಜನೆ ಮಾಡುತ್ತಾರೆ. ಸಾಫ್ಟ್‌ವೇರ್ ಕಂಪನಿಗಳು ಇದನ್ನು ಜಾಹೀರಾತಿನ ತಂತ್ರದಂತೆ ಬಳಸಿ ಸವೆಸಿಬಿಟ್ಟಿವೆ. ನನ್ನ ಮಟ್ಟಿಗೆ ಇದು ನಿಜವಾಗಿ ಹೊಂದುವುದು ಬಿಡಿಭಾಗ ಮಾಡುವವರಿಗೆ, ಏಕೆಂದರೆ ಅವರ ಪಿನ್ನನ್ನು ಕೊಳ್ಳಬಲ್ಲವರು ದೇಶದಲ್ಲಿ ಬೆರಳೆಣಿಕೆಯಷ್ಟೇ.

ಲೆಕ್ಕ ಕೈಗೆ ಸಿಗಲೆಂದು ಒಂದು ಕಾರ್ಖಾನೆಯನ್ನು ಕಲ್ಪಿಸಿಕೊಳ್ಳೋಣ. ಪೀಣ್ಯದಲ್ಲಿದೆ, ವರ್ಷದ ವಹಿವಾಟು 18 ಕೋಟಿ ರೂಪಾಯಿ, ಅದರಲ್ಲಿ ಮುಕ್ಕಾಲು ಪಾಲು ಒಬ್ಬನೇ ಗ್ರಾಹಕನಿಂದ. 120 ಮಿಲಿಮೀಟರ್ ವ್ಯಾಸ, ಒಂದು ಮೀಟರ್ ಉದ್ದದವರೆಗಿನ ಪಿನ್ನುಗಳನ್ನು ಇವರು ತಿರುಗಿಸಿ, ಇಂಡಕ್ಷನ್ ಹಾರ್ಡನಿಂಗ್ ಮಾಡಿ, ಗ್ರೈಂಡ್ ಮಾಡಿ ಕೊಡುತ್ತಾರೆ. ತಿಂಗಳಿಗೆ 4,000 ಪಿನ್ನು ಮಾಡುವಷ್ಟು ಯಂತ್ರಗಳು ಖಾಲಿ ಕುಳಿತಿವೆ. ಸರಾಸರಿ ಬೆಲೆ ಪಿನ್ನಿಗೆ 1,200 ರೂಪಾಯಿ ಎಂದಿಟ್ಟುಕೊಳ್ಳಿ.

ಮಾಲೀಕರು ಇಪ್ಪತ್ತು ದೊಡ್ಡ ಕಂಪನಿಗಳನ್ನು ಹಿಡಿಯಬೇಕು ಎಂದಾಗ ನಾನು ಮೊದಲು ಕೇಳುವುದು, ಹಿಡಿದ ಮೇಲೆ ಏನು ಮಾಡುತ್ತೀರಿ ಎಂದು. ತಿಂಗಳಿಗೆ 400 ಯಂತ್ರ ಮಾಡುವ ಒಂದು ಕಂಪನಿ, ಪ್ರತಿ ಯಂತ್ರಕ್ಕೆ ಇವರ ಅಳತೆಯ ಹತ್ತು ಪಿನ್ನು ಕೇಳಿದರೆ ಅಲ್ಲಿಗೇ 4,000 ಮುಗಿಯಿತು. ಆದರೆ ಹೊಸ ಸರಬರಾಜುದಾರನಿಗೆ ಯಾರೂ ಮೊದಲ ವರ್ಷವೇ ಪೂರ್ತಿ ಕೆಲಸ ಕೊಡುವುದಿಲ್ಲ. ಹಳಬನನ್ನು ಇಟ್ಟುಕೊಂಡೇ ಕಾಲು ಭಾಗ ಕೊಟ್ಟು ನೋಡುತ್ತಾರೆ. ಅಂದರೆ ಒಂದು ಕಂಪನಿಯಿಂದ ತಿಂಗಳಿಗೆ 1,000 ಪಿನ್ನು, ಹನ್ನೆರಡು ಲಕ್ಷ ರೂಪಾಯಿ. ನಾಲ್ಕು ಕಂಪನಿ ಗೆದ್ದರೆ ಶೆಡ್ಡು ತುಂಬಿತು. ಇಪ್ಪತ್ತರ ಬೆನ್ನು ಹತ್ತುವುದು ಮೂರೋ ನಾಲ್ಕೋ ಗೆಲ್ಲಲಿಕ್ಕೆ. ಈ ಮಾತು ಮೊದಲ ದಿನವೇ ಸ್ಪಷ್ಟವಾಗದಿದ್ದರೆ ಖರ್ಚು ಇಪ್ಪತ್ತು ಕಡೆ ಸಮನಾಗಿ ಹಂಚಿಹೋಗಿ, ಎಲ್ಲಿಯೂ ಸಾಲದಂತಾಗುತ್ತದೆ.

ಪಟ್ಟಿ ಮಾಡುವ ಕೆಲಸ ಕಾಣುವಷ್ಟು ಸುಲಭವಲ್ಲ. ಪಟ್ಟಿಗೆ ಬರಬೇಕಾದ್ದು ಕಂಪನಿಯ ಹೆಸರಲ್ಲ, ಘಟಕದ ಹೆಸರು. ಟಾಟಾ ಹಿಟಾಚಿಗೆ ಧಾರವಾಡದಲ್ಲೂ ಕಾರ್ಖಾನೆಯಿದೆ, ಪಶ್ಚಿಮ ಬಂಗಾಳದ ಖರಗ್‌ಪುರದಲ್ಲೂ ಇದೆ. ಜೆಸಿಬಿಗೆ ಬಲ್ಲಭಗಢ, ಪುಣೆ, ಜೈಪುರ. ಬೆಮೆಲ್‌ನ ಮಣ್ಣು ತೋಡುವ ಯಂತ್ರಗಳು ಕೆಜಿಎಫ್‌ನಲ್ಲಿ, ಅಜಾಕ್ಸ್ ದೊಡ್ಡಬಳ್ಳಾಪುರದ ಕಡೆ, ಕೊಬೆಲ್ಕೊ ಆಂಧ್ರದ ಶ್ರೀಸಿಟಿಯಲ್ಲಿ, ಹ್ಯುಂಡೈನ ನಿರ್ಮಾಣ ಯಂತ್ರಗಳ ಘಟಕ ಪುಣೆ ಬಳಿಯ ಚಾಕಣದಲ್ಲಿ. ಪೀಣ್ಯದಿಂದ ದೊಡ್ಡಬಳ್ಳಾಪುರಕ್ಕೆ ಟೆಂಪೋ ಬೆಳಿಗ್ಗೆ ಹೋಗಿ ಮಧ್ಯಾಹ್ನ ವಾಪಸ್ಸು ಬರುತ್ತದೆ, ಬಲ್ಲಭಗಢಕ್ಕೆ ಲಾರಿ ದಿನಗಟ್ಟಲೆ ತೆಗೆದುಕೊಳ್ಳುತ್ತದೆ. 80 ಮಿಲಿಮೀಟರ್ ವ್ಯಾಸ, 400 ಮಿಲಿಮೀಟರ್ ಉದ್ದದ ಒಂದು ಪಿನ್ನಿನ ತೂಕವೇ ಸುಮಾರು ಹದಿನಾರು ಕಿಲೋ. ಇಂಥ ಮಾಲಿನಲ್ಲಿ ದೂರ ಎಂದರೆ ನೇರವಾಗಿ ದುಡ್ಡು.

ಮೊದಲ ಪಟ್ಟಿಯಲ್ಲಿ ಐವತ್ತು ಅರವತ್ತು ಘಟಕಗಳು ಬರುತ್ತವೆ. ಅಲ್ಲಿಂದ ಹೊಡೆದು ಹಾಕುತ್ತ ಹೋಗಬೇಕು. ಪಿನ್ನುಗಳನ್ನು ತಾವೇ ಮಾಡಿಕೊಳ್ಳುವ, ತಮ್ಮದೇ ಹೀಟ್ ಟ್ರೀಟ್‌ಮೆಂಟ್ ಇರುವ ಘಟಕ ಬೇಡ. ಇವರ ಗ್ರೈಂಡಿಂಗ್ ಯಂತ್ರಕ್ಕೆ ಕೂರದ ದಪ್ಪದ ಪಿನ್ನು ಬಳಸುವ ಗಣಿ ಯಂತ್ರಗಳ ಘಟಕವೂ ಬೇಡ. ಸರಬರಾಜುದಾರರನ್ನು ವಿದೇಶದ ಮುಖ್ಯ ಕಚೇರಿಯೇ ನಿಗದಿ ಮಾಡುವ ಕಡೆ ಇಲ್ಲಿನ ಪರ್ಚೇಸ್ ಅಧಿಕಾರಿ ಎಷ್ಟೇ ಒಳ್ಳೆಯವರಾದರೂ ಅವರ ಕೈಯಲ್ಲಿ ಏನೂ ಇರುವುದಿಲ್ಲ. ಈಗಿನ ದೊಡ್ಡ ಗ್ರಾಹಕನ ನೇರ ಎದುರಾಳಿಯನ್ನು ಮಾತ್ರ ಹೊಡೆದು ಹಾಕಬೇಕಿಲ್ಲ, ಆದರೆ ಹಳೆಯ ಒಪ್ಪಂದದ ಕಾಗದವನ್ನು ಒಮ್ಮೆ ಓದಿಕೊಳ್ಳುವುದು ಕ್ಷೇಮ.

ಉಳಿದ ಇಪ್ಪತ್ತರಲ್ಲಿ ನಾಲ್ಕಕ್ಕೆ ಪೂರ್ತಿ ಶ್ರಮ. ಆರಕ್ಕೆ ಒಂದೇ ಬಗೆಯ ಯಂತ್ರ ಮಾಡುವವರನ್ನು ಗುಂಪು ಮಾಡಿ ಒಟ್ಟು ಕೆಲಸ. ಮಿಕ್ಕ ಹತ್ತರ ಮೇಲೆ ಒಂದು ಕಣ್ಣು ಇಟ್ಟರೆ ಸಾಕು. ಆ ನಾಲ್ಕನ್ನು ಆರಿಸುವಾಗ ಕಂಪನಿಯ ಗಾತ್ರ ನೋಡಿ ಮರುಳಾಗುವವರೇ ಹೆಚ್ಚು. ನೋಡಬೇಕಾದ್ದು ಅಲ್ಲಿ ಈಗ ಏನಾದರೂ ಅಲುಗಾಡುತ್ತಿದೆಯೇ ಎಂಬುದನ್ನು. ಎಲ್ಲ ಸರಿಯಾಗಿ ನಡೆಯುತ್ತಿರುವ ಘಟಕಕ್ಕೆ ಹೊಸಬನನ್ನು ಸೇರಿಸಿಕೊಳ್ಳುವುದು ಬರೀ ತಲೆನೋವು.

ಅಲುಗಾಟ ಹೊರಗಿನಿಂದಲೂ ಕಾಣುತ್ತದೆ. ಚಕ್ರದ ಮೇಲೆ ಓಡುವ ನಿರ್ಮಾಣ ಯಂತ್ರಗಳಿಗೆ 2025ರ ಜನವರಿ 1ರಿಂದ ಹೊಗೆ ನಿಯಮದ ಐದನೇ ಹಂತ ಜಾರಿಗೆ ಬಂತು. ಎಂಜಿನ್ನು ಬದಲಾದರೆ ಅದರ ಸುತ್ತಲಿನ ಡ್ರಾಯಿಂಗುಗಳೂ ತಿದ್ದುಪಡಿಯಾಗುತ್ತವೆ, ಯಂತ್ರದ ಬೆಲೆ ಏರುತ್ತದೆ. ಆ ಏರಿಕೆಯನ್ನು ಬೇರೆಲ್ಲಾದರೂ ಇಳಿಸಿಕೊಳ್ಳಬೇಕೆಂದು ಪರ್ಚೇಸ್ ವಿಭಾಗದ ಮೇಲೆ ಒತ್ತಡ ಬೀಳುತ್ತದೆ. ಷೇರುಪೇಟೆಯಲ್ಲಿರುವ ಕಂಪನಿ ಹೊಸ ಘಟಕ ಹಾಕುವುದನ್ನು, ಉತ್ಪಾದನೆ ಹೆಚ್ಚಿಸುವುದನ್ನು ಷೇರುಪೇಟೆಗೆ ತಿಳಿಸಲೇಬೇಕಾಗುತ್ತದೆ, ಆ ಕಾಗದಗಳನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಓದಬಹುದು. ಸರಬರಾಜುದಾರರ ಗುಣಮಟ್ಟ ನೋಡಿಕೊಳ್ಳುವ ಎಂಜಿನಿಯರುಗಳು ಬೇಕಾಗಿದ್ದಾರೆ ಎಂದು ಒಂದು ಘಟಕ ಒಟ್ಟಿಗೆ ಎರಡು ಮೂರು ಜಾಗಕ್ಕೆ ಜಾಹೀರಾತು ಕೊಟ್ಟರೆ, ಅಲ್ಲಿ ಬರುವ ಮಾಲಿನಲ್ಲಿ ಏನೋ ತೊಂದರೆ ಇದೆ ಅಥವಾ ಹೊಸ ಸರಬರಾಜುದಾರರು ಬರುತ್ತಿದ್ದಾರೆ ಎಂದು ಊಹಿಸಬಹುದು. ಎರಡೂ ನಮ್ಮ ಕಾರ್ಖಾನೆಗೆ ಒಳ್ಳೆಯ ಸುದ್ದಿ.

ಇನ್ನು ಗೇಟಿನ ಒಳಗಿನವರು. 1972ರಲ್ಲಿ ಫ್ರೆಡರಿಕ್ ವೆಬ್‌ಸ್ಟರ್ ಮತ್ತು ಯೋರಾಮ್ ವಿಂಡ್ ಎಂಬ ಅಮೆರಿಕದ ಇಬ್ಬರು ಪ್ರಾಧ್ಯಾಪಕರು, ಸಂಸ್ಥೆಯೊಂದು ಏನನ್ನಾದರೂ ಕೊಳ್ಳುವಾಗ ಒಬ್ಬನೇ ನಿರ್ಧರಿಸುವುದಿಲ್ಲ ಎಂದು ವಿವರಿಸಿದ್ದರು. ಬಳಸುವವನು, ಪ್ರಭಾವ ಬೀರುವವನು, ಖರೀದಿ ಮಾಡುವವನು, ತೀರ್ಮಾನಿಸುವವನು, ಬಾಗಿಲು ಕಾಯುವವನು ಎಂದು ಪಾತ್ರಗಳನ್ನು ಬೇರ್ಪಡಿಸಿದ್ದರು. ಪಿನ್ನಿನ ಮಟ್ಟಿಗೆ ಈ ಪಾತ್ರಗಳಿಗೆ ಮುಖ ಕೊಡುವುದು ಕಷ್ಟವಲ್ಲ. ಪರ್ಚೇಸ್‌ನವರಿಗೆ ಬೆಲೆಯ ಚಿಂತೆ. ಡಿಸೈನ್‌ನವರಿಗೆ ತಮ್ಮ ಡ್ರಾಯಿಂಗು ಮುಟ್ಟಬಾರದು ಎಂಬ ಚಿಂತೆ. ಸರಬರಾಜುದಾರರ ಗುಣಮಟ್ಟ ನೋಡುವ ಎಂಜಿನಿಯರಿಗೆ, ಇವನ ಮಾಲು ಕೈಕೊಟ್ಟರೆ ಉತ್ತರ ಹೇಳಬೇಕಾದವನು ನಾನು ಎಂಬ ಭಯ. ಅಸೆಂಬ್ಲಿ ಲೈನಿನ ಸೂಪರ್‌ವೈಸರಿಗೆ ಪಿನ್ನು ಬುಷ್ಷಿನೊಳಗೆ ಕೈಯಲ್ಲೇ ಜಾರಬೇಕು, ಸುತ್ತಿಗೆ ಹಿಡಿಯುವಂತಾಗಬಾರದು.

ನಮ್ಮ ಸಣ್ಣ ಕಾರ್ಖಾನೆಗಳು ಸಾಮಾನ್ಯವಾಗಿ ಪರ್ಚೇಸ್‌ನವರೊಬ್ಬರನ್ನೇ ಹಿಡಿದುಕೊಂಡು ಕೂರುತ್ತವೆ. ಅವರು ಸಜ್ಜನರೇ. ಆದರೆ ಹೊಸಬನನ್ನು ಒಳಗೆ ಬಿಡಬೇಡಿ ಎನ್ನುವ ಶಕ್ತಿ ಗುಣಮಟ್ಟದ ಎಂಜಿನಿಯರಿಗಿದೆ. ಅವರು ತಲೆಯಾಡಿಸದೆ ಬೆಲೆಯ ಮಾತು ಮುಂದೆ ಹೋಗುವುದಿಲ್ಲ. ಹಾಗಾಗಿ ಯೋಜನೆಯ ಹೆಚ್ಚಿನ ಬಲ ಅವರ ಕಡೆಗೇ ಇರಬೇಕು ಎಂದು ನನಗನ್ನಿಸುತ್ತದೆ.

ಅವರ ಮುಂದೆ ಏನಿಡಬೇಕು? ‘1998ರಿಂದ ಗ್ರಾಹಕರ ಸೇವೆಯಲ್ಲಿ’ ಎಂದು ಶುರುವಾಗುವ ಹನ್ನೆರಡು ಪುಟಗಳ ಬಣ್ಣದ ಪುಸ್ತಿಕೆಯನ್ನಂತೂ ಅಲ್ಲ. ಇಂಡಕ್ಷನ್ ಹಾರ್ಡನಿಂಗ್‌ನಲ್ಲಿ ಪಿನ್ನಿನ ಮೇಲ್ಮೈಯನ್ನಷ್ಟೇ ವಿದ್ಯುತ್ ಸುರುಳಿಯಿಂದ ಕೆಂಪಗೆ ಕಾಯಿಸಿ ಒಮ್ಮೆಲೇ ತಣಿಸುತ್ತಾರೆ. ಹೊರಪದರ ಗಡುಸಾಗುತ್ತದೆ, ಒಳಗಿನ ಉಕ್ಕು ಹೊಡೆತ ತಾಳುವಂತೆ ಹಾಗೇ ಉಳಿಯುತ್ತದೆ. ಕಷ್ಟ ಇರುವುದು ಗ್ರೀಸ್ ಹೋಗಲು ಕೊರೆದ ರಂಧ್ರದ ಬಾಯಲ್ಲಿ. ಅಲ್ಲಿನ ಅಂಚು ಬೇರೆ ಜಾಗಕ್ಕಿಂತ ಹೆಚ್ಚು ಕಾಯುತ್ತದೆ, ತಣಿಸುವಾಗ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಬರಿಗಣ್ಣಿಗೆ ಕಾಣದ ಈ ಬಿರುಕು ಹೊರಡುವ ಮುನ್ನ ಸಿಕ್ಕದಿದ್ದರೆ, ಮುಂದೆ ಕ್ವಾರಿಯಲ್ಲಿ ಪಿನ್ನು ತುಂಡಾದಾಗಲೇ ಗೊತ್ತಾಗುವುದು. ಪಿನ್ನು ತರಿಸುವ ಗುಣಮಟ್ಟದ ಎಂಜಿನಿಯರಿಗೆ ಇದರ ಕಾಟ ಹೊಸದಲ್ಲ.

ನಮ್ಮ ಕಾರ್ಖಾನೆಯವರು ರಂಧ್ರದ ಅಂಚನ್ನು ಮೊದಲೇ ದುಂಡಗೆ ಮಾಡಿ, ಕಾಯಿಸುವಾಗ ಬಾಯಿಗೆ ಬಿರಡೆ ಹಾಕಿ, ಕೊನೆಗೆ ಪ್ರತಿ ಪಿನ್ನನ್ನೂ ಕಾಂತೀಯ ಪುಡಿಯ ಪರೀಕ್ಷೆಗೆ ಒಡ್ಡುತ್ತಾರೆ ಎಂದಿಟ್ಟುಕೊಳ್ಳೋಣ. ಹಾಗಿದ್ದರೆ ಅವರು ಮಾರಬೇಕಾದ್ದು ಇದನ್ನೇ. ಸ್ವಂತ ಡ್ರಾಯಿಂಗಿನ ಒಂದು ಮಾದರಿ ಪಿನ್ನನ್ನು ಸರಿಯಾಗಿ ಗ್ರೀಸ್ ರಂಧ್ರದ ಮೇಲೇ ಅಡ್ಡ ಕೊಯ್ದು, ನುಣುಪು ಮಾಡಿ, ಆಮ್ಲದಲ್ಲಿ ಅದ್ದಿದರೆ ಗಡುಸಾದ ಪದರ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ. 80 ಮಿಲಿಮೀಟರ್ ವ್ಯಾಸದ, ಎರಡು ಸೆಂಟಿಮೀಟರ್ ದಪ್ಪದ ಬಿಲ್ಲೆ ಮುಕ್ಕಾಲು ಕಿಲೋ ತೂಗುತ್ತದೆ, ಚೀಲದಲ್ಲಿ ಒಯ್ಯಬಹುದು. ರಂಧ್ರದ ಬಾಯಿಯವರೆಗೂ ಪದರ ಒಂದೇ ಆಳದಲ್ಲಿ ಹೋಗಿರುವುದನ್ನು ಎಂಜಿನಿಯರು ಬೆರಳಿಟ್ಟು ನೋಡುತ್ತಾರೆ. ಜೊತೆಗೆ ಒಂದೇ ಪುಟ: ಎಷ್ಟು ಆಳದಲ್ಲಿ ಎಷ್ಟು ಗಡುಸು ಎಂಬ ಗೆರೆ, ಹಿಂದಿನ ಆರು ತಿಂಗಳಲ್ಲಿ ಕಾಂತೀಯ ಪರೀಕ್ಷೆಯಲ್ಲಿ ತಿರಸ್ಕಾರವಾದ ಪಿನ್ನುಗಳ ಲೆಕ್ಕ. ತಿರಸ್ಕಾರ ಸೊನ್ನೆ ಎಂದು ಬರೆದರೆ ಆ ಕ್ಷಣವೇ ನಂಬಿಕೆ ಹೋಯಿತು. ನೂರಕ್ಕೆ ನೂರು ಪರೀಕ್ಷೆ ಮಾಡುವವನಿಗೆ ಬಿರುಕು ಸಿಕ್ಕೇ ಸಿಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಹಳೆಯ ಗ್ರಾಹಕನಿಗೆ ಮಾಡಿದ ಪಿನ್ನನ್ನೋ ಅವರ ಡ್ರಾಯಿಂಗನ್ನೋ ಹೊಸಬರ ಮೇಜಿನ ಮೇಲಿಟ್ಟು ‘ನೋಡಿ ಸರ್, ಇವರಿಗೂ ನಾವೇ ಕೊಡೋದು’ ಎನ್ನುವ ಚಾಳಿ ನಮ್ಮಲ್ಲಿ ಬಹಳ. ಎದುರಿಗಿರುವವರು ಮೆಚ್ಚಿದಂತೆ ತಲೆಯಾಡಿಸುತ್ತಾರೆ. ಇವತ್ತು ಅವರದ್ದನ್ನು ನಮಗೆ ತೋರಿಸುವವನು ನಾಳೆ ನಮ್ಮದನ್ನು ಅವರಿಗೆ ತೋರಿಸುತ್ತಾನೆ ಎಂದು ಮನಸ್ಸಿನಲ್ಲೇ ಬರೆದುಕೊಳ್ಳುತ್ತಾರೆ. ಬಿಲ್ಲೆ ಸ್ವಂತ ಡ್ರಾಯಿಂಗಿನದಾಗಿರಬೇಕು ಎಂದದ್ದು ಇದಕ್ಕೇ.

ಮೊದಲ ಪತ್ರವೂ ಒಂದೇ ಪಾರ್ಟಿನ ಬಗ್ಗೆ ಇರಬೇಕು. ‘ನಿಮ್ಮ ಎಲ್ಲ ಮೆಷಿನ್ಡ್ ಪಾರ್ಟ್ ಅಗತ್ಯಗಳಿಗೆ’ ಎಂದು ಬರೆದರೆ ಅದನ್ನು ಯಾವ ವಿಭಾಗಕ್ಕೆ ಕಳಿಸಬೇಕೆಂದೇ ಅಲ್ಲಿನವರಿಗೆ ಗೊತ್ತಾಗುವುದಿಲ್ಲ. ನಿಮ್ಮ ಇಪ್ಪತ್ತು ಟನ್ ವರ್ಗದ ಯಂತ್ರದ ಬಕೆಟ್ ಪಿನ್ನಿನಂಥವನ್ನು ಮಾಡುತ್ತೇವೆ, ಗ್ರೀಸ್ ರಂಧ್ರದ ಬಿರುಕನ್ನು ಹೀಗೆ ತಡೆಯುತ್ತೇವೆ, ಇಪ್ಪತ್ತು ನಿಮಿಷ ಕೊಟ್ಟರೆ ಕೊಯ್ದ ಮಾದರಿ ತಂದು ತೋರಿಸುತ್ತೇವೆ ಎಂದು ಐದಾರು ಸಾಲು ಸಾಕು. ಬೆಲೆಯ ಸುದ್ದಿ ಎತ್ತಬಾರದು. ಉತ್ತರ ಬರಲಿಲ್ಲವೆಂದರೆ ಮೂರು ವಾರ ಬಿಟ್ಟು ಪರೀಕ್ಷಾ ವರದಿಯ ಪುಟವನ್ನು ಕಳಿಸುವುದು, ಆಮೇಲೆ ಫೋನು. ಎರಡು ವರ್ಷಕ್ಕೊಮ್ಮೆ ತುಮಕೂರು ರಸ್ತೆಯ ಬಿಐಇಸಿಯಲ್ಲಿ ಎಕ್ಸ್‌ಕಾನ್ ಪ್ರದರ್ಶನ ನಡೆಯುತ್ತದೆ, ಪಟ್ಟಿಯಲ್ಲಿರುವ ಬಹುಪಾಲು ಕಂಪನಿಗಳು ಪೀಣ್ಯದ ಬಾಗಿಲಿಗೇ ಬಂದಂತೆ. ಲಕ್ಷಗಟ್ಟಲೆ ಕೊಟ್ಟು ಸ್ಟಾಲು ಹಾಕುವುದಕ್ಕಿಂತ ಒಂದು ತಿಂಗಳು ಮುಂಚೆ ಸಮಯ ಗೊತ್ತು ಮಾಡಿಕೊಂಡು ಎಂಟು ಜನರನ್ನು ಭೇಟಿಯಾಗುವುದು, ಅವರಲ್ಲಿ ಇಬ್ಬರನ್ನಾದರೂ ಅದೇ ದಿನ ಕಾರಿನಲ್ಲಿ ಕೂರಿಸಿಕೊಂಡು ಬಂದು ಶೆಡ್ಡು ತೋರಿಸುವುದು ಲೇಸು.

ವರ್ಷಕ್ಕೆ 20 ಲಕ್ಷ ತೆಗೆದಿಟ್ಟರೆ ಈ ಕೆಲಸ ನಡೆಯುತ್ತದೆ ಎಂದು ನನ್ನ ಅಂದಾಜು. ಓಡಾಡುವ ಒಬ್ಬ ಸೇಲ್ಸ್ ಎಂಜಿನಿಯರಿಗೆ ಒಂಬತ್ತು, ಮಾದರಿ ಪಿನ್ನು ಮತ್ತು ಲ್ಯಾಬ್ ಪರೀಕ್ಷೆಗೆ ಐದು, ಪ್ರಯಾಣಕ್ಕೆ ನಾಲ್ಕು, ಪ್ರದರ್ಶನ ಮತ್ತು ಕಾಗದಪತ್ರಕ್ಕೆ ಎರಡು. ಮೂರು ಕಂಪನಿ ಗೆದ್ದರೆ ವರ್ಷಕ್ಕೆ 4 ಕೋಟಿ 32 ಲಕ್ಷದ ಕೆಲಸ ಬರುತ್ತದೆ, ಖರ್ಚು ಹೊರೆಯಲ್ಲ. ಹೊರೆಯಾಗುವುದು ಕಾಯುವ ಕಾಲ.

ಒಂದು ಘಟಕದ ಕಥೆ ನಡೆಯುವುದು ಹೀಗೆ. ಮೊದಲ ಭೇಟಿ ಚೆನ್ನಾಗಿ ಆಯಿತು, ಗೋಪ್ಯತೆಯ ಒಪ್ಪಂದಕ್ಕೆ ಸಹಿಯಾಯಿತು, ಡ್ರಾಯಿಂಗು ಬಂತು. ದರ ಕೊಟ್ಟ ಮೇಲೆ ಅವರ ತಂಡ ಬಂದು ಶೆಡ್ಡನ್ನು ಒಂದು ದಿನವಿಡೀ ತಪಾಸಣೆ ಮಾಡುತ್ತದೆ. ಗೇಜುಗಳು ಯಾವಾಗ ತಪಾಸಣೆಯಾದವು, ಕಚ್ಚಾ ಉಕ್ಕು ಯಾವ ಹೀಟಿನದು ಎಂದು ಪಿನ್ನು ನೋಡಿ ಹೇಳಬಲ್ಲಿರಾ ಎಂದು ಕೇಳುತ್ತದೆ. ತಿದ್ದಬೇಕಾದವುಗಳ ಪಟ್ಟಿ ಕೊಟ್ಟು ಹೋಗುತ್ತದೆ. ತಿದ್ದಿದ ಮೇಲೆ ಮಾದರಿ. ಮಾದರಿಯ ಜೊತೆ ಪಿಪ್ಯಾಪ್ ಎಂದು ಕರೆಯುವ ದಾಖಲೆಗಳ ಕಟ್ಟು, ಪೂರ್ತಿ ಪಟ್ಟಿಯಲ್ಲಿ ಅದಕ್ಕೆ ಹದಿನೆಂಟು ಅಂಶಗಳಿವೆ. ಆಮೇಲೆ ಪಿನ್ನನ್ನು ಯಂತ್ರಕ್ಕೆ ಹಾಕಿ ನೂರಾರು ಗಂಟೆ ಓಡಿಸಿ ನೋಡುತ್ತಾರೆ. ಅದಾದ ಮೇಲೆ ಐವತ್ತೋ ನೂರೋ ಪಿನ್ನಿನ ಸಣ್ಣ ಲಾಟು, ಕೊನೆಗೆ ತಿಂಗಳ ಷೆಡ್ಯೂಲು. ಒಂಬತ್ತು ತಿಂಗಳಲ್ಲಿ ಮುಗಿದರೆ ಪುಣ್ಯ, ಒಂದೂವರೆ ವರ್ಷವಾದರೆ ಆಶ್ಚರ್ಯವಿಲ್ಲ. ನಾಲ್ಕನೇ ತಿಂಗಳಲ್ಲೇ ‘ಎಲ್ರಿ ಆರ್ಡರು?’ ಎಂದು ಸೇಲ್ಸ್ ಎಂಜಿನಿಯರನ್ನು ಕೇಳುವ ಮಾಲೀಕರು, ಆತ ಕೆಲಸ ಬಿಟ್ಟ ಮೇಲೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಆರ್ಡರು ಬರುವ ಮುಂಚೆ ಕೆಲಸ ಸರಿದಾರಿಯಲ್ಲಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಎಷ್ಟು ಪತ್ರ ಹೋಯಿತು, ಎಷ್ಟು ಜನ ತೆರೆದು ಓದಿದರು ಎಂಬ ಲೆಕ್ಕ ಇಪ್ಪತ್ತು ಘಟಕಗಳ ಆಟದಲ್ಲಿ ಪ್ರಯೋಜನಕ್ಕೆ ಬಾರದು. ಗೋಡೆಯ ಮೇಲೆ ಇಪ್ಪತ್ತು ಸಾಲು ಬರೆದು, ಪ್ರತಿ ಘಟಕ ಭೇಟಿ, ಡ್ರಾಯಿಂಗು, ತಪಾಸಣೆ, ಮಾದರಿ, ಲಾಟು ಇವುಗಳಲ್ಲಿ ಎಲ್ಲಿದೆ ಎಂದು ಗುರುತು ಹಾಕಿದರೆ ಸಾಕು. ಅದಕ್ಕಿಂತ ಮುಖ್ಯವಾದ ಇನ್ನೊಂದು ಗುರುತಿದೆ. ದರ ಕೇಳಿ ಬರುವ ಪತ್ರಗಳೆಲ್ಲ ನಿಜವಾದ ಬೇಡಿಕೆಗಳಲ್ಲ. ಹಳೆಯ ಸರಬರಾಜುದಾರನ ಬೆಲೆ ಇಳಿಸಲು ನಮ್ಮ ಕಾಗದವನ್ನು ಕೋಲಿನಂತೆ ಬಳಸುವುದೂ ಉಂಟು.

ಅಂಥದ್ದನ್ನು ಮೊದಲೇ ಪತ್ತೆ ಹಚ್ಚಬಹುದು. ಎರಡೇ ದಿನದಲ್ಲಿ ದರ ಬೇಕು ಎನ್ನುತ್ತಾರೆ. ಡ್ರಾಯಿಂಗಿನಲ್ಲಿ ವರ್ಷಕ್ಕೆ ಎಷ್ಟು ಬೇಕೆಂಬ ಅಂದಾಜು ಇರುವುದಿಲ್ಲ, ಗೋಪ್ಯತೆಯ ಒಪ್ಪಂದದ ಮಾತಿಲ್ಲ. ಎಲ್ಲಕ್ಕಿಂತ ದೊಡ್ಡ ಸುಳಿವು, ಗುಣಮಟ್ಟದವರಿಂದ ಒಂದೂ ಪ್ರಶ್ನೆ ಬರುವುದಿಲ್ಲ. ಆಗ ಹೀಗೆ ಕೇಳಿ ನೋಡಬಹುದು:

‘ಸರ್, ದರ ಖಂಡಿತ ಕೊಡ್ತೀವಿ. ಅದಕ್ಕೆ ಮುಂಚೆ ನಿಮ್ಮ ಕ್ವಾಲಿಟಿಯವರ ಜೊತೆ ಅರ್ಧ ಗಂಟೆ ಮಾತಾಡಬಹುದಾ? ಗಡುಸಿನ ಆಳ ಎಲ್ಲಿ ಅಳೀಬೇಕು ಅನ್ನೋದು ಡ್ರಾಯಿಂಗಲ್ಲಿ ಇಲ್ಲ.’

‘ಅದೆಲ್ಲ ಆಮೇಲೆ ನೋಡೋಣ, ಮೊದಲು ರೇಟು ಕಳಿಸ್ರಿ.’

ಇಂಥ ಉತ್ತರ ಒಮ್ಮೆ ಬಂದರೆ ಇರಲಿ ಎನ್ನಬಹುದು. ಅದೇ ಘಟಕದಿಂದ ಮೂರು ಸಲ ಬಂದರೆ ಆ ಹೆಸರು ಮೇಲಿನ ನಾಲ್ಕರಿಂದ ಕೆಳಗಿನ ಹತ್ತಕ್ಕೆ ಇಳಿಯಬೇಕು, ಕೆಳಗಿನಿಂದ ಒಂದು ಮೇಲೆ ಬರಬೇಕು. ಮೂರು ತಿಂಗಳಿಗೊಮ್ಮೆ ಹೀಗೆ ಪಟ್ಟಿ ಅದಲು ಬದಲಾಗದಿದ್ದರೆ ಯಾರೂ ಅದನ್ನು ನೋಡುತ್ತಿಲ್ಲ ಎಂದೇ ಅರ್ಥ.

ಹಣ ಕೈಸೇರುವ ವಿಷಯವನ್ನು ಪಟ್ಟಿ ಮಾಡುವಾಗಲೇ ಕೇಳಿಕೊಳ್ಳಬೇಕು. 2025ರ ಏಪ್ರಿಲ್‌ನಿಂದ 100 ಕೋಟಿಯವರೆಗೆ ವಹಿವಾಟು, 25 ಕೋಟಿಯವರೆಗೆ ಬಂಡವಾಳ ಇರುವ ಉದ್ಯಮ ಕಾನೂನಿನ ಲೆಕ್ಕದಲ್ಲಿ ಸಣ್ಣ ಉದ್ಯಮ, ನಮ್ಮ ಕಾರ್ಖಾನೆ ಅದರೊಳಗೆ ಬರುತ್ತದೆ. ಉದ್ಯಮ್ ನೋಂದಣಿ ಇರುವ ಇಂಥವರಿಗೆ ಕೊಳ್ಳುವವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಡ ಮಾಡಿದರೆ, ಆದಾಯ ತೆರಿಗೆ ಕಾಯ್ದೆಯ ಪ್ರಕಾರ, ಆ ಖರ್ಚನ್ನು ನಿಜವಾಗಿ ಹಣ ಕೊಟ್ಟ ವರ್ಷದಲ್ಲಷ್ಟೇ ಲೆಕ್ಕಕ್ಕೆ ತೋರಿಸಬಹುದು. ಕಾಗದದ ಮೇಲೆ ಇದು ಬಲವಾದ ರಕ್ಷಣೆ. ಆದರೆ ಮಾಲು ತಲುಪಿದ ದಿನದಿಂದ ಲೆಕ್ಕವೋ, ಅವರು ಪರೀಕ್ಷಿಸಿ ಒಪ್ಪಿಕೊಂಡ ದಿನದಿಂದಲೋ ಎಂಬಲ್ಲಿ ಎಳೆದಾಟ ಇದ್ದೇ ಇರುತ್ತದೆ. ತಿಂಗಳಿಗೆ ಹನ್ನೆರಡು ಲಕ್ಷದ ಮಾಲು ಕಳಿಸಿ ತೊಂಬತ್ತು ದಿನ ಕಾದರೆ 36 ಲಕ್ಷ ರೂಪಾಯಿ ಹೊರಗೆ ಸಿಕ್ಕಿಕೊಂಡಿರುತ್ತದೆ. ಅಂಥ ಮೂರು ಗ್ರಾಹಕರಾದರೆ ಒಂದು ಕೋಟಿ ದಾಟಿತು, ಅಷ್ಟಕ್ಕೂ ಬ್ಯಾಂಕಿನ ಬಡ್ಡಿ. ಗೆದ್ದೂ ಮುಳುಗುವವರು ಮುಳುಗುವುದು ಇಲ್ಲಿಯೇ.

ಮೂರು ಘಟಕಗಳ ಷೆಡ್ಯೂಲು ಶುರುವಾದ ದಿನ ಮಿಕ್ಕ ಹದಿನೇಳರ ಜೊತೆ ಏನು ಮಾಡಬೇಕೆಂಬುದೂ ಯೋಜನೆಯಲ್ಲಿರಬೇಕು. ನಾಲ್ಕು ಸಾವಿರದಲ್ಲಿ ಮೂರು ಸಾವಿರ ಹೋಯಿತು, ಉಳಿದದ್ದು ಒಂದು ಸಾವಿರ. ಈ ಹೊತ್ತಿಗೆ ಇನ್ನೆರಡು ಕಡೆ ಮಾದರಿ ಪರೀಕ್ಷೆ ನಡೆಯುತ್ತಿರಬಹುದು, ಇಬ್ಬರೂ ಒಪ್ಪಿದರೆ ಒಬ್ಬರಿಗೆ ಕೊಡಲು ಯಂತ್ರವಿಲ್ಲ. ಹೂಂ ಎಂದು ಹೇಳಿ ತಡವಾಗಿ ಕಳಿಸಿದರೆ ಹೊಸಬನ ಹೆಸರು ಮೊದಲ ತಿಂಗಳಲ್ಲೇ ಕೆಡುತ್ತದೆ, ಲೈನು ನಿಂತದ್ದಕ್ಕೆ ದಂಡವೂ ಬೀಳಬಹುದು. ಇನ್ನೊಂದು ಗ್ರೈಂಡಿಂಗ್ ಯಂತ್ರ ಯಾವ ತಿಂಗಳು ಬರುತ್ತದೆ, ಅದು ಬಂದ ಮೇಲೆ ಎಷ್ಟು ಪಿನ್ನು ಕೊಡಬಲ್ಲೆವು ಎಂದು ಐದನೆಯವರಿಗೆ ಬರವಣಿಗೆಯಲ್ಲಿ ತಿಳಿಸಿ, ಅಲ್ಲಿಯವರೆಗೆ ಅವರ ಮಾದರಿಯ ಕಡತವನ್ನು ತೆರೆದೇ ಇಡಬೇಕು. ಯಂತ್ರಕ್ಕೆ ಮುಂಗಡ ಕೊಡುವುದು ಮಾತ್ರ ನಾಲ್ಕನೆಯವರ ಸಣ್ಣ ಲಾಟು ಪಾಸಾದ ಮೇಲೆ.